ಒಮ್ಮೆಲೇ ಸುರಿದ ಐದು ಸ್ಟಾರ್‌ಗಳು: ರೆಸ್ಟೋರೆಂಟ್ ರಿವ್ಯೂಗಳಲ್ಲಿ ಹಣ ಕೊಟ್ಟು ಬರೆಸಿದ್ದನ್ನು ಗುರುತಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊಟಕ್ಕೆ ಹೋಗುವ ಮುನ್ನ ರಿವ್ಯೂ ನೋಡುವವರಿಗಾಗಿ ಈ ಪುಟ. ಇಲ್ಲಿ ಚರ್ಚಿಸಿರುವುದು ಒಂದೇ ಸನ್ನಿವೇಶ: ಸಾಧಾರಣ ಹೆಸರಿದ್ದ ರೆಸ್ಟೋರೆಂಟ್ ಒಂದಕ್ಕೆ ಕೆಲವೇ ದಿನಗಳಲ್ಲಿ ಹೊಗಳಿಕೆಯ ರಿವ್ಯೂಗಳು ಸಾಲುಗಟ್ಟಿ ಬಂದಿವೆ. ಅವು ನಿಜವಾದ ಗಿರಾಕಿಗಳವೇ, ಅಥವಾ ಕೊಂಡು ತಂದವೇ?

ಒಂದು ರಿವ್ಯೂವನ್ನು ಓದಿ ಅದು ನಕಲಿ ಎಂದು ಹೇಳಲು ಸಾಧ್ಯವೇ?

ಬಹುಮಟ್ಟಿಗೆ ಸಾಧ್ಯವಿಲ್ಲ. 2011ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಷಿಕಾಗೋ ನಗರದ ವಸತಿ ಹೋಟೆಲ್‌ಗಳ ಬಗ್ಗೆ ನಿಜವಾದ 400 ಹೊಗಳಿಕೆಯ ರಿವ್ಯೂಗಳನ್ನು ಆಯ್ದುಕೊಂಡರು. ಅವೇ ಹೋಟೆಲ್‌ಗಳ ಬಗ್ಗೆ ಹಣ ಕೊಟ್ಟು ಇನ್ನೂ 400 ಸುಳ್ಳು ರಿವ್ಯೂಗಳನ್ನು ಬರೆಸಿದರು. ಎರಡನ್ನೂ ಬೆರೆಸಿ ಜನರ ಕೈಗೆ ಕೊಟ್ಟಾಗ, ಯಾವುದು ನಿಜ ಯಾವುದು ಸುಳ್ಳು ಎಂದು ಹೇಳುವುದರಲ್ಲಿ ಅವರ ಸಾಧನೆ ಕಣ್ಣು ಮುಚ್ಚಿ ಊಹಿಸುವುದಕ್ಕಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಪದಗಳ ಬಳಕೆಯನ್ನು ಎಣಿಸಿ ನೋಡುವ ಕಂಪ್ಯೂಟರ್ ವಿಧಾನ ಮಾತ್ರ ಸುಮಾರು ಶೇ 90ರಷ್ಟು ಸರಿಯಾಗಿ ಬೇರ್ಪಡಿಸಿತು.

ಆದ್ದರಿಂದ ‘ಈ ಭಾಷೆ ಸ್ವಲ್ಪ ಹೆಚ್ಚಾಯಿತು’ ಎಂಬ ಅನಿಸಿಕೆಯ ಮೇಲೆ ತೀರ್ಪು ಕೊಡಬೇಡಿ. ಹುಟ್ಟುಹಬ್ಬದ ದಿನ ಒಳ್ಳೆಯ ಊಟ ಮಾಡಿ ಬಂದವರು ಮನಸಾರೆ ಹೊಗಳಿ ಬರೆಯುತ್ತಾರೆ. ಅವರನ್ನು ಸುಳ್ಳುಗಾರರೆಂದು ಕರೆಯುವುದು ಅನ್ಯಾಯ. ನಮ್ಮ ಕಣ್ಣಿಗೆ ಕಾಣುವ ಸುಳಿವು ಇರುವುದು ರಿವ್ಯೂಗಳ ಗುಂಪಿನಲ್ಲಿ. ಒಂದೊಂದಾಗಿ ನೋಡಿದಾಗ ಸಹಜವೆನಿಸುವ ಇಪ್ಪತ್ತು ರಿವ್ಯೂಗಳು, ಒಟ್ಟಿಗೆ ಇಟ್ಟು ನೋಡಿದಾಗ ಅಸಹಜವಾಗಿ ಕಾಣಬಹುದು.

ಗುಂಪಿನಲ್ಲಿ ಮೊದಲು ಏನನ್ನು ನೋಡಬೇಕು?

ದಿನಾಂಕಗಳನ್ನು. ಮಾತನ್ನು ಹೇಗೆ ಬೇಕಾದರೂ ಹೆಣೆಯಬಹುದು, ಆದರೆ ರಿವ್ಯೂ ಪ್ರಕಟವಾದ ದಿನವನ್ನು ಬರೆದವರು ಬದಲಾಯಿಸಲಾರರು. ಅದಕ್ಕೇ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಕಾಲದ ಸಾಕ್ಷಿಯನ್ನು.

ಗೂಗಲ್ ಮ್ಯಾಪ್ಸ್‌ನಲ್ಲಿ ರಿವ್ಯೂಗಳು ಮೊದಲಿಗೆ Most relevant ಎಂಬ ಕ್ರಮದಲ್ಲಿ ಬರುತ್ತವೆ. ಆ ಕ್ರಮದಲ್ಲಿ ಹಳತು ಹೊಸತು ಬೆರೆತುಹೋಗಿ ಏನೂ ತಿಳಿಯುವುದಿಲ್ಲ. ಅದನ್ನು Newest ಎಂದು ಬದಲಿಸಿ, ಕೆಳಕ್ಕೆ ಸರಿಸುತ್ತಾ ಹೋಗಿ. ಒಂದು ಕಾಗದದ ಮೇಲೆ ಪ್ರತಿ ವಾರ ಎಷ್ಟು ರಿವ್ಯೂ, ಎಷ್ಟು ಸ್ಟಾರ್ ಎಂದು ಗುರುತು ಹಾಕಿಕೊಳ್ಳಿ. ಹತ್ತು ನಿಮಿಷದ ಕೆಲಸ. ತಿಂಗಳಿಗೆ ಎರಡೋ ಮೂರೋ ಬರುತ್ತಿದ್ದ ಕಡೆ ಒಂದೇ ವಾರದಲ್ಲಿ ಇಪ್ಪತ್ತು ಬಂದು, ಮತ್ತೆ ಮೊದಲಿನಂತೆ ಎರಡು ಮೂರಕ್ಕೆ ಇಳಿದಿದ್ದರೆ, ಆ ವಾರವನ್ನು ಬಿಡಿಸಿ ನೋಡಬೇಕು.

ಈ ಲೆಕ್ಕಕ್ಕೆ ಒಂದು ಮಿತಿಯಿದೆ. ಗೂಗಲ್ ನಿಖರವಾದ ತಾರೀಖು ತೋರಿಸದೆ ಎರಡು ವಾರದ ಹಿಂದೆ, ಮೂರು ತಿಂಗಳ ಹಿಂದೆ, ಒಂದು ವರ್ಷದ ಹಿಂದೆ ಎಂದಷ್ಟೇ ತೋರಿಸುತ್ತದೆ. ಕಾಲ ಸರಿದಂತೆ ಒಂದೇ ವಾರದಲ್ಲಿ ಸುರಿದ ರಿವ್ಯೂಗಳೂ ವರ್ಷವಿಡೀ ಬಿಡಿಬಿಡಿಯಾಗಿ ಬಂದವುಗಳೂ ‘ಒಂದು ವರ್ಷದ ಹಿಂದೆ’ ಎಂಬ ಒಂದೇ ಹೆಸರಿನಡಿ ಸೇರಿಹೋಗುತ್ತವೆ. ಹಾಗಾಗಿ ಇತ್ತೀಚಿನ ಸುರಿಮಳೆಯನ್ನು ಹಿಡಿಯುವುದು ಸುಲಭ, ಹಳೆಯದನ್ನು ಹಿಡಿಯುವುದು ಕಷ್ಟ.

ಮಾಲೀಕರು ಹಣ ಕೊಟ್ಟು ರಿವ್ಯೂ ಬರೆಸುವುದಾದರೂ ಏಕೆ?

ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿದ್ದ ಮೈಕಲ್ ಲೂಕಾ ಅವರು ಸಿಯಾಟಲ್ ನಗರದ ರೆಸ್ಟೋರೆಂಟ್‌ಗಳನ್ನು ಅಧ್ಯಯನ ಮಾಡಿ, ಯೆಲ್ಪ್ ಎಂಬ ರಿವ್ಯೂ ತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ 5ರಿಂದ 9ರಷ್ಟು ಹೆಚ್ಚುತ್ತದೆ ಎಂದು ಕಂಡುಕೊಂಡರು. ಈ ಪರಿಣಾಮ ಕಾಣಿಸಿದ್ದು ಸ್ವತಂತ್ರ ರೆಸ್ಟೋರೆಂಟ್‌ಗಳಲ್ಲಿ. ಎಲ್ಲೆಡೆ ಶಾಖೆಗಳಿರುವ ಸರಪಳಿ ಸಂಸ್ಥೆಗಳ ಊಟ ಹೇಗಿರುತ್ತದೆ ಎಂಬುದು ಜನರಿಗೆ ಮೊದಲೇ ಗೊತ್ತಿರುವುದರಿಂದ ಅವುಗಳಿಗೆ ಸ್ಟಾರ್‌ಗಳಿಂದ ಅಂಥ ಲಾಭವಿಲ್ಲ.

ಅವರೇ ಜಾರ್ಜಿಯೋಸ್ ಜೆರ್ವಾಸ್ ಅವರ ಜೊತೆ ಮಾಡಿ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಬಾಸ್ಟನ್ ಪ್ರದೇಶದ ರೆಸ್ಟೋರೆಂಟ್‌ಗಳ ರಿವ್ಯೂಗಳಲ್ಲಿ ಸುಮಾರು ಶೇ 16ರಷ್ಟನ್ನು ಯೆಲ್ಪ್‌ನ ಸೋಸುವ ವ್ಯವಸ್ಥೆ ಶಂಕಾಸ್ಪದವೆಂದು ಬದಿಗಿಟ್ಟಿತ್ತು. ಯಾರು ಇಂಥ ವಂಚನೆಗೆ ಕೈ ಹಾಕುವ ಸಾಧ್ಯತೆ ಹೆಚ್ಚು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಹೀಗಿತ್ತು: ರಿವ್ಯೂಗಳ ಸಂಖ್ಯೆ ಕಡಿಮೆ ಇರುವವರು, ಅಥವಾ ಇತ್ತೀಚೆಗೆ ಕೆಟ್ಟ ರಿವ್ಯೂ ಬಂದಿರುವವರು.

ಎರಡನೆಯ ಕಾರಣವನ್ನು ಮರೆಯಬೇಡಿ. ಹೊಗಳಿಕೆಯ ಗುಂಪು ಕಂಡಾಗ ಅದರ ಸ್ವಲ್ಪ ಕೆಳಗೆ, ಅಂದರೆ ಅದಕ್ಕೆ ಮುಂಚೆ ಏನು ಬಂದಿತ್ತು ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸರಾಸರಿಯನ್ನು ಏರಿಸುವುದು ಒಂದು ಉದ್ದೇಶವಾದರೆ, ಕೆಟ್ಟ ಅನುಭವ ಬರೆದವರ ಮಾತನ್ನು ಪುಟದ ಕೆಳಗೆ ತಳ್ಳಿ ಯಾರ ಕಣ್ಣಿಗೂ ಬೀಳದಂತೆ ಮಾಡುವುದು ಇನ್ನೊಂದು. ಕೊಳೆತ ಆಹಾರ ತಿಂದು ಹಾಸಿಗೆ ಹಿಡಿದವರೊಬ್ಬರು ಇತರರನ್ನು ಎಚ್ಚರಿಸಲೆಂದು ಬರೆದದ್ದು ಹೀಗೆ ಹೂತುಹೋಗುವುದು ನನಗೆ ಅತ್ಯಂತ ಕೆಡುಕೆನಿಸುವ ಸಂಗತಿ.

ಬರೆದವರ ಪ್ರೊಫೈಲ್ ನೋಡಿದರೆ ಏನು ತಿಳಿಯುತ್ತದೆ?

ಬಹಳಷ್ಟು ತಿಳಿಯುತ್ತದೆ. ಹೆಸರಿನ ಮೇಲೆ ಒತ್ತಿದರೆ ಅವರು ಬೇರೆ ಯಾವುದಕ್ಕೆಲ್ಲ ರಿವ್ಯೂ ಬರೆದಿದ್ದಾರೆ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಒಂದೇ ಒಂದು ರಿವ್ಯೂ ಇರುವ ಖಾತೆ ಎಂದಾಕ್ಷಣ ಸಂಶಯಪಡಬೇಕಿಲ್ಲ. ಜೀವನದಲ್ಲಿ ಒಮ್ಮೆ ಮಾತ್ರ ರಿವ್ಯೂ ಬರೆಯುವ ಜನ ಬೇಕಾದಷ್ಟಿದ್ದಾರೆ. ಗಮನಿಸಬೇಕಾದದ್ದು ಖಾತೆಗಳ ನಡುವಿನ ಹೋಲಿಕೆಯನ್ನು.

ರಿವ್ಯೂ ಮಾರುವವರ ಬಳಿ ಖಾತೆಗಳ ಒಂದು ದಾಸ್ತಾನು ಇರುತ್ತದೆ. ಪ್ರತಿ ಗಿರಾಕಿಗೂ ಹೊಸ ಖಾತೆಗಳನ್ನು ತೆರೆಯುವುದು ದುಬಾರಿ, ಜೊತೆಗೆ ಹೊಸ ಖಾತೆಗಳು ಬೇಗ ಸಿಕ್ಕಿಬೀಳುತ್ತವೆ. ಹಾಗಾಗಿ ಅವೇ ಖಾತೆಗಳನ್ನು ಈ ವಾರ ರೆಸ್ಟೋರೆಂಟ್‌ಗೆ, ಮುಂದಿನ ವಾರ ಹಲ್ಲಿನ ಚಿಕಿತ್ಸಾಲಯಕ್ಕೆ, ಅದರ ಮುಂದಿನ ವಾರ ಬೀಗ ರಿಪೇರಿಯವರಿಗೆ ಬಳಸುತ್ತಾರೆ. ಪರಸ್ಪರ ಪರಿಚಯವೇ ಇಲ್ಲದಂತೆ ಕಾಣುವ ಐದಾರು ಮಂದಿ ಇದೇ ರೆಸ್ಟೋರೆಂಟ್, ದೂರದ ಊರಿನ ಅದೇ ದಂತವೈದ್ಯರು, ಇನ್ನೊಂದು ಊರಿನ ಅದೇ ಬೀಗದವರು, ಎಲ್ಲಕ್ಕೂ ಒಂದೇ ತಿಂಗಳಲ್ಲಿ ಐದು ಸ್ಟಾರ್ ಕೊಟ್ಟಿದ್ದರೆ, ಅದು ಕಾಕತಾಳೀಯವಾಗಿರುವುದು ತೀರಾ ಕಷ್ಟ. ಒಂದು ಖಾತೆಯನ್ನು ನೋಡಿ ಇದನ್ನು ಹೇಳಲಾಗದು. ನಾಲ್ಕೈದನ್ನು ತೆರೆದು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗಲೇ ಕಾಣುವುದು.

ಕೆಲವರು ತಮ್ಮ ಪ್ರೊಫೈಲನ್ನು ಇತರರಿಗೆ ಕಾಣದಂತೆ ಇಟ್ಟಿರುತ್ತಾರೆ. ಅದು ಅವರ ಹಕ್ಕು. ಅವರನ್ನು ‘ಗೊತ್ತಿಲ್ಲ’ ಎಂಬ ಸಾಲಿಗೆ ಸೇರಿಸಿ, ‘ನಕಲಿ’ ಎಂಬ ಸಾಲಿಗಲ್ಲ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ತೋರಿಸಬಹುದೇ?

ಖಂಡಿತ. ಲೆಕ್ಕ ಅರ್ಥವಾಗಲೆಂದು ಒಂದು ಕಾಲ್ಪನಿಕ ರೆಸ್ಟೋರೆಂಟನ್ನು ಇಟ್ಟುಕೊಳ್ಳೋಣ.

ಎರಡು ವರ್ಷಗಳಲ್ಲಿ ಅದಕ್ಕೆ 40 ರಿವ್ಯೂಗಳು ಬಂದಿವೆ, ಸರಾಸರಿ 3.5. ಅಂದರೆ ಒಟ್ಟು 140 ಸ್ಟಾರ್. ತೀರಾ ಇತ್ತೀಚಿನ ಮೂರರಲ್ಲಿ ಎರಡು ಒಂದು ಸ್ಟಾರಿನವು, ಒಂದು ಎರಡು ಸ್ಟಾರಿನದು: ಒಂದು ಗಂಟೆ ಕಾಯಿಸಿದರು, ಮಾಂಸ ಹಳಸಿತ್ತು, ಬಿಲ್ಲಿನಲ್ಲಿ ತಪ್ಪಿತ್ತು ಎಂಬ ದೂರುಗಳು. ಅದಾದ ಮೇಲೆ ಒಂಬತ್ತು ದಿನಗಳಲ್ಲಿ 22 ಹೊಸ ರಿವ್ಯೂಗಳು ಬರುತ್ತವೆ, ಎಲ್ಲವೂ ಐದು ಸ್ಟಾರ್. ಈಗ ಒಟ್ಟು 250 ಸ್ಟಾರ್, 62 ರಿವ್ಯೂ, ಸರಾಸರಿ 4.0. ಈ ಅಂಕಿಗೆ ತನ್ನದೇ ಬೆಲೆಯಿದೆ. ನಾಲ್ಕು ಸ್ಟಾರಿಗಿಂತ ಕಡಿಮೆ ಇರುವುದನ್ನು ತೋರಿಸಬೇಡ ಎಂದು ಹುಡುಕುವವರ ಪಟ್ಟಿಗೆ ಈ ರೆಸ್ಟೋರೆಂಟ್ ಈಗ ಮೊದಲ ಬಾರಿ ಬರುತ್ತದೆ.

ಈಗ 22 ಹೆಸರುಗಳನ್ನೂ ಒಂದೊಂದಾಗಿ ಒತ್ತಿ ನೋಡೋಣ. ಐದು ಪ್ರೊಫೈಲ್‌ಗಳು ಮುಚ್ಚಿವೆ. ಆರು ಖಾತೆಗಳಲ್ಲಿ ಇದೊಂದೇ ರಿವ್ಯೂ ಇದೆ. ಎಂಟು ಖಾತೆಗಳು ಮೇಲೆ ಹೇಳಿದಂತೆ ದೂರದೂರದ ಊರುಗಳ ಅವೇ ವ್ಯಾಪಾರಗಳಿಗೆ ಅದೇ ತಿಂಗಳಲ್ಲಿ ಐದು ಸ್ಟಾರ್ ಕೊಟ್ಟಿವೆ. ಉಳಿದ ಮೂವರು ಹಲವು ವರ್ಷಗಳಿಂದ ಒಂದೇ ಊರಿನ ಹಲವು ಜಾಗಗಳಿಗೆ ಎರಡು, ಮೂರು, ನಾಲ್ಕು, ಐದು ಸ್ಟಾರ್ ಹೀಗೆ ಬೇರೆಬೇರೆ ಕೊಟ್ಟವರು.

ಆ ಮೂವರನ್ನು ನಂಬೋಣ. ಎಂಟನ್ನು ತೆಗೆದುಹಾಕೋಣ. ನಡುವಿನ ಹನ್ನೊಂದರ ಬಗ್ಗೆ ನಮಗೆ ತಿಳಿಯದು, ಆದ್ದರಿಂದ ಎರಡು ರೀತಿಯಲ್ಲೂ ಲೆಕ್ಕ ಹಾಕೋಣ. ಹನ್ನೊಂದನ್ನೂ ನಿಜವೆಂದು ಉಳಿಸಿಕೊಂಡರೆ 54 ರಿವ್ಯೂಗಳಿಗೆ 210 ಸ್ಟಾರ್, ಸರಾಸರಿ 3.9. ಅವನ್ನೂ ತೆಗೆದರೆ 43 ರಿವ್ಯೂಗಳಿಗೆ 155 ಸ್ಟಾರ್, ಸರಾಸರಿ 3.6. ಅತ್ಯಂತ ಉದಾರವಾಗಿ ಲೆಕ್ಕ ಹಾಕಿದರೂ ನಾಲ್ಕನ್ನು ಮುಟ್ಟಲಿಲ್ಲ.

ಆದರೆ ಈ ಲೆಕ್ಕಾಚಾರದಿಂದ ನಾನು ತೆಗೆದುಕೊಳ್ಳುವ ತೀರ್ಮಾನ ಸರಾಸರಿಗೆ ಸಂಬಂಧಿಸಿದ್ದಲ್ಲ. ಹಳಸಿದ ಮಾಂಸದ ದೂರು ಈಗ ಪಟ್ಟಿಯಲ್ಲಿ ಇಪ್ಪತ್ಮೂರನೆಯದೋ ಇಪ್ಪತ್ನಾಲ್ಕನೆಯದೋ ಆಗಿದೆ. ಅಡುಗೆಮನೆ ಸುಧಾರಿಸಿತು ಎಂಬುದಕ್ಕೆ ಈ 22ರಲ್ಲಿ ಮೂರು ಮಾತ್ರ ಸಾಕ್ಷಿ ಹೇಳುತ್ತವೆ.

ನಿಜವಾಗಿಯೂ ಜನ ಒಮ್ಮೆಲೇ ಬರುವುದಿಲ್ಲವೇ?

ಬರುತ್ತಾರೆ. ಹೊಸದಾಗಿ ತೆರೆದಾಗ, ಟಿವಿಯಲ್ಲಿ ಕಾಣಿಸಿಕೊಂಡಾಗ, ಯಾರದೋ ವಿಡಿಯೊ ಎಲ್ಲೆಡೆ ಹರಡಿದಾಗ, ಅಥವಾ ಬಿಲ್ಲಿನ ಮೇಲೆ ರಿವ್ಯೂ ಬರೆಯಲು ಕ್ಯೂಆರ್ ಕೋಡ್ ಮುದ್ರಿಸಲು ಶುರು ಮಾಡಿದಾಗ ರಿವ್ಯೂಗಳು ಏಕಾಏಕಿ ಹೆಚ್ಚುತ್ತವೆ. ಪ್ರಾಮಾಣಿಕ ಮಾಲೀಕರನ್ನು ನಾವು ದೂಷಿಸುವ ಅಪಾಯ ಇರುವುದು ಇಲ್ಲೇ, ಆದ್ದರಿಂದ ಈ ವ್ಯತ್ಯಾಸವನ್ನು ತಾಳ್ಮೆಯಿಂದ ನೋಡಬೇಕು.

ನಿಜವಾದ ಜನಸಂದಣಿ ದೂರುಗಳನ್ನೂ ಕರೆತರುತ್ತದೆ. ಒಮ್ಮೆಲೇ ಜನ ತುಂಬಿದರೆ ಅಡುಗೆ ತಡವಾಗುತ್ತದೆ, ಕೆಲವು ತಿನಿಸುಗಳು ಮುಗಿದುಹೋಗುತ್ತವೆ, ಮೇಜು ಸಿಗದೆ ಕೆಲವರು ಸಿಟ್ಟಾಗುತ್ತಾರೆ. ವಿಡಿಯೊ ನೋಡಿ ಬಂದವರಲ್ಲಿ ಕೆಲವರಾದರೂ ‘ಅಷ್ಟೇನೂ ಇಲ್ಲ’ ಎಂದು ಮೂರು ಸ್ಟಾರ್ ಕೊಡುತ್ತಾರೆ. ಎರಡನೆಯದಾಗಿ, ಅಂಥ ಸಂದಣಿ ನಿಧಾನವಾಗಿ ಇಳಿಯುತ್ತದೆ: ಮೊದಲ ವಾರ ಮೂವತ್ತು, ಮುಂದಿನ ವಾರ ಇಪ್ಪತ್ತು, ಆಮೇಲೆ ಹನ್ನೆರಡು. ಕೊಂಡ ರಿವ್ಯೂಗಳು ಕೊಟ್ಟ ಹಣದ ಎಣಿಕೆ ಮುಗಿದ ದಿನ ಥಟ್ಟನೆ ನಿಲ್ಲುತ್ತವೆ. ಮೂರನೆಯದಾಗಿ, ಕಾರಣ ಹೊರಗೆ ಎಲ್ಲಾದರೂ ಸಿಗುತ್ತದೆ. ರೆಸ್ಟೋರೆಂಟಿನ ಹೆಸರು ಹಾಕಿ ಆ ವಾರದ ಸುದ್ದಿ, ವಿಡಿಯೊಗಳನ್ನು ಹುಡುಕಿ. ಸಿಕ್ಕರೆ ಸಂಶಯವನ್ನು ಬಿಟ್ಟುಬಿಡಿ.

ಇನ್ನೊಂದು ಮಾತು. ರಿವ್ಯೂಗಳಲ್ಲಿ ಹೆಚ್ಚಿನವು ಐದು ಸ್ಟಾರ್ ಆಗಿರುವುದು ತಾನಾಗಿ ಅಸಹಜವಲ್ಲ. ಬಹಳ ಖುಷಿಯಾದವರು, ಬಹಳ ಸಿಟ್ಟಾದವರು ಬರೆಯುತ್ತಾರೆ, ನಡುವಿನವರು ಸುಮ್ಮನಿರುತ್ತಾರೆ. ಹೋಲಿಸಬೇಕಾದದ್ದು ಅದೇ ರೆಸ್ಟೋರೆಂಟಿನ ಹಳೆಯ ರೂಢಿಯ ಜೊತೆ.

ನಿಧಾನವಾಗಿ, ದಿನಕ್ಕೊಂದರಂತೆ ಹಾಕಿಸಿದರೆ?

ಆಗ ಗುರುತಿಸುವುದು ಕಷ್ಟ, ಜಾಣ ಮಾರಾಟಗಾರರು ಮಾಡುವುದೂ ಅದನ್ನೇ. ಇಂಥ ಕಡೆ ಅತಿಯಾದ ಕ್ರಮಬದ್ಧತೆಯೇ ಕೆಲವೊಮ್ಮೆ ಸುಳಿವು. ಜನ ಹೊರಗೆ ಊಟ ಮಾಡುವುದು ರಜಾದಿನಗಳಲ್ಲಿ ಹೆಚ್ಚು, ಹಾಗಾಗಿ ನಿಜವಾದ ರಿವ್ಯೂಗಳಲ್ಲಿ ಏರಿಳಿತವಿರುತ್ತದೆ. ಆರು ವಾರ ಒಂದೇ ಸಮನೆ ದಿನಕ್ಕೊಂದು ಬಂದು, ನಡುವೆ ಒಂದೂ ನಾಲ್ಕು ಸ್ಟಾರ್ ಇಲ್ಲದಿದ್ದರೆ ಪ್ರೊಫೈಲ್‌ಗಳನ್ನು ತೆರೆದು ನೋಡಿ. ಪ್ರೊಫೈಲ್‌ಗಳಲ್ಲೂ ಏನೂ ಸಿಗದಿದ್ದರೆ, ಹೊರಗಿನಿಂದ ನೋಡುವ ನಾವು ಅಲ್ಲಿಗೇ ನಿಲ್ಲಬೇಕು.

ಹಾಗಾದರೆ ಬರವಣಿಗೆಯಿಂದ ಯಾವ ಉಪಯೋಗವೂ ಇಲ್ಲವೇ?

ಇದೆ, ಆದರೆ ಮೂರನೆಯ ಸಾಕ್ಷಿಯಾಗಿ ಮಾತ್ರ. ಕಾರ್ನೆಲ್ ಅಧ್ಯಯನದಲ್ಲಿ ಕಂಡ ಒಂದು ವ್ಯತ್ಯಾಸ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ನಿಜವಾಗಿ ಹೋಗಿ ಬಂದವರು ಜಾಗದ ಬಗ್ಗೆ ಹೆಚ್ಚು ಬರೆದಿದ್ದರು: ಕೋಣೆ ಚಿಕ್ಕದು, ಸ್ನಾನದಮನೆ ಹೀಗಿತ್ತು ಎಂದು. ಹೋಗದವರು ತಾವು ಯಾರ ಜೊತೆ, ಯಾವ ಸಂದರ್ಭಕ್ಕೆ ಹೋದೆವು ಎಂಬುದನ್ನು ಹೆಚ್ಚು ಹೇಳಿದ್ದರು, ಏಕೆಂದರೆ ನೋಡದ ಜಾಗವನ್ನು ವರ್ಣಿಸುವುದಕ್ಕಿಂತ ಕುಟುಂಬದ ಕಥೆ ಕಟ್ಟುವುದು ಸುಲಭ.

ರೆಸ್ಟೋರೆಂಟ್ ವಿಷಯದಲ್ಲಿ ನಾನು ಹುಡುಕುವುದು ಮೆನು ನೋಡಿ ಬರೆಯಲಾಗದ ಸಂಗತಿಗಳನ್ನು. ಯಾವ ತಿನಿಸು ತಿಂದರು ಎಂಬುದು ಮೆನುವಿನಲ್ಲಿ ಸಿಗುತ್ತದೆ. ಅದು ಬರಲು ಎಷ್ಟು ಹೊತ್ತಾಯಿತು, ಉಪ್ಪು ಹೆಚ್ಚಿತ್ತೇ, ಅಡುಗೆಮನೆಯ ಬಾಗಿಲ ಬಳಿಯ ಮೇಜಿನಲ್ಲಿ ಸೆಕೆ ಇತ್ತೇ, ಎರಡನೆಯ ಬಾರಿ ಕೇಳಿದ ಮೇಲೆ ನೀರು ತಂದರೇ ಎಂಬುದು ಕುಳಿತು ಉಂಡವರಿಗೆ ಮಾತ್ರ ಗೊತ್ತು. ಇಪ್ಪತ್ತೆರಡು ರಿವ್ಯೂಗಳಲ್ಲಿ ಒಂದರಲ್ಲೂ ಇಂಥ ಒಂದು ಸಣ್ಣ ವಿವರ ಇಲ್ಲದೆ, ಎಲ್ಲದರಲ್ಲೂ ‘ರುಚಿ, ಸೇವೆ, ವಾತಾವರಣ ಎಲ್ಲವೂ ಅದ್ಭುತ’ ಎಂಬ ಅದೇ ಮೂರು ಮಾತು ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ರೆಸ್ಟೋರೆಂಟಿನ ಪೂರ್ತಿ ಹೆಸರನ್ನು ಊರಿನ ಹೆಸರಿನ ಸಮೇತ ಮತ್ತೆ ಮತ್ತೆ ಬರೆದಿರುವುದನ್ನೂ ಗಮನಿಸಿ. ಊಟ ಮಾಡಿ ಬಂದವರು ‘ಇಲ್ಲಿ’ ಎನ್ನುತ್ತಾರೆ, ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರಬೇಕೆಂದು ಬರೆಸಿದವರು ಪೂರ್ತಿ ಹೆಸರು ಬಯಸುತ್ತಾರೆ.

ಫೋಟೊಗಳು?

ಬೇರೆಬೇರೆ ಜನ ಬೇರೆಬೇರೆ ದಿನ ತೆಗೆದರೆನ್ನಲಾದ ಫೋಟೊಗಳಲ್ಲಿ ಅದೇ ಮೇಜು, ಅದೇ ಬೆಳಕು, ಅದೇ ತಟ್ಟೆ ಇದ್ದರೆ ಯಾರೋ ಒಬ್ಬರು ತೆಗೆದು ಹಂಚಿದ್ದಾರೆ. ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದರೆ ಬೇರೆ ಜಾಲತಾಣದಿಂದ ಎತ್ತಿದ ಚಿತ್ರಗಳೂ ಸಿಕ್ಕಿಬೀಳಬಹುದು.

ಐದು ಸ್ಟಾರ್ ಕೊಟ್ಟವರಿಗೆ ಸಿಹಿ ತಿನಿಸು ಉಚಿತ ಎಂದರೆ ಅದೂ ನಕಲಿಯೇ?

ಬರೆದವರು ನಿಜವಾದ ಗಿರಾಕಿಗಳು, ಊಟವೂ ನಿಜ. ಆದರೆ ಸ್ಟಾರ್ ಕೊಂಡದ್ದು. ಗೂಗಲ್‌ನ ನಿಯಮಗಳು ರಿವ್ಯೂಗೆ ಪ್ರತಿಯಾಗಿ ಉಡುಗೊರೆ ಕೊಡುವುದನ್ನು ಒಪ್ಪುವುದಿಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಬರೆಸುವುದನ್ನೂ ಒಪ್ಪುವುದಿಲ್ಲ. ಇಂಥ ಗುಂಪಿನ ಲಕ್ಷಣವೇ ಬೇರೆ: ಖಾತೆಗಳು ಸಹಜವಾಗಿರುತ್ತವೆ, ಸ್ಥಳೀಯರದ್ದೇ ಆಗಿರುತ್ತವೆ, ಆದರೆ ಬರಹ ಒಂದು ಸಾಲಿನದು, ಮತ್ತು ಹಲವರು ಒಬ್ಬನೇ ಬಡಿಸುವವನ ಹೆಸರನ್ನು ಬರೆದಿರುತ್ತಾರೆ. ಹೆಸರು ಬರುವುದಕ್ಕೆ ಹೆಚ್ಚಾಗಿ ಕಾರಣ, ಯಾರ ಹೆಸರು ಹೆಚ್ಚು ಬಂತು ಎಂದು ಎಣಿಸಿ ಸಿಬ್ಬಂದಿಗೆ ಬಹುಮಾನ ಕೊಡುವ ಪದ್ಧತಿ. ಆ ಕೆಲಸಗಾರನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅಂಥ ಸ್ಟಾರ್‌ಗಳನ್ನು ಸರಾಸರಿಯಲ್ಲಿ ಹಗುರವಾಗಿ ತೂಗಿದರೆ ಸಾಕು.

ಜಾಲತಾಣಗಳೇ ಇವನ್ನು ಸೋಸುವುದಿಲ್ಲವೇ?

ಸೋಸುತ್ತವೆ. ಯೆಲ್ಪ್ ಪುಟದ ಕೆಳಭಾಗದಲ್ಲಿ, ತಾನು ಶಿಫಾರಸು ಮಾಡದ ರಿವ್ಯೂಗಳಿಗೆ ಬೇರೆ ಕೊಂಡಿಯನ್ನೇ ಇಟ್ಟಿದೆ. ಅದನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಆದರೆ ಯಾವ ಜರಡಿಯೂ ಎಲ್ಲವನ್ನೂ ಹಿಡಿಯದು. ಬ್ರಿಟನ್ನಿನ ಬರಹಗಾರ ಊಬಾ ಬಟ್ಲರ್ ಹಿಂದೊಮ್ಮೆ ಹಣಕ್ಕಾಗಿ ಸುಳ್ಳು ರಿವ್ಯೂ ಬರೆಯುತ್ತಿದ್ದವರು. 2017ರಲ್ಲಿ ಅವರು ಲಂಡನ್ನಿನ ತಮ್ಮ ಮನೆಯ ಹಿತ್ತಲಿನ ಗುಡಿಸಲನ್ನು ‘ದಿ ಶೆಡ್ ಅಟ್ ಡಲ್ವಿಚ್’ ಎಂಬ ಹೆಸರಿನ ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿದರು. ತಿನಿಸುಗಳ ಫೋಟೊಗಳನ್ನು ಶೇವಿಂಗ್ ಕ್ರೀಮಿನಂಥ ವಸ್ತುಗಳಿಂದ ಮಾಡಿದ್ದರು. ಗೆಳೆಯರಿಂದ ಬೇರೆಬೇರೆ ಕಡೆಯಿಂದ ರಿವ್ಯೂ ಬರೆಸುತ್ತಾ ಹೋದರು. ಅದೇ ನವೆಂಬರ್ ಹೊತ್ತಿಗೆ, ಒಬ್ಬರಿಗೂ ಊಟ ಬಡಿಸದ ಆ ಜಾಗ ಲಂಡನ್ನಿನ ಮೊದಲ ಸ್ಥಾನದ ರೆಸ್ಟೋರೆಂಟ್ ಆಯಿತು.

ಅಲ್ಲಿ ಖಾತೆಗಳು ನಿಜವಾದ ಬೇರೆಬೇರೆ ಜನರದ್ದು, ರಿವ್ಯೂಗಳು ಬಂದದ್ದು ತಿಂಗಳುಗಟ್ಟಲೆ ಅವಧಿಯಲ್ಲಿ. ನಾನು ಮೇಲೆ ಹೇಳಿದ ವಿಧಾನವೂ ಅದನ್ನು ಸುಲಭವಾಗಿ ಹಿಡಿಯುತ್ತಿರಲಿಲ್ಲ. ಸುಳಿವು ಇದ್ದದ್ದು ಪುಟದ ಹೊರಗೆ: ಪೂರ್ತಿ ವಿಳಾಸ ಇರಲಿಲ್ಲ, ಮೇಜು ಕೇಳಿ ಫೋನ್ ಮಾಡಿದವರಿಗೆಲ್ಲ ಖಾಲಿ ಇಲ್ಲ ಎಂಬ ಉತ್ತರವೇ ಸಿಗುತ್ತಿತ್ತು.

ಇದು ಕಾನೂನಿಗೆ ವಿರುದ್ಧವೇ?

ಹಲವು ದೇಶಗಳಲ್ಲಿ ಹೌದು. ಇಟಲಿಯ ಲೆಚ್ಚೆ ನಗರದ ನ್ಯಾಯಾಲಯ 2018ರಲ್ಲಿ, ರೆಸ್ಟೋರೆಂಟ್ ಮತ್ತು ಹೋಟೆಲ್‌ಗಳಿಗೆ ಸುಳ್ಳು ರಿವ್ಯೂ ಮಾರುತ್ತಿದ್ದವನಿಗೆ ಒಂಬತ್ತು ತಿಂಗಳ ಜೈಲು ಶಿಕ್ಷೆ ವಿಧಿಸಿತು. ಅಮೆರಿಕದಲ್ಲಿ ನಕಲಿ ರಿವ್ಯೂಗಳ ಖರೀದಿ ಮತ್ತು ಮಾರಾಟವನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.

ಸಂಶಯ ಬಲವಾಗಿದ್ದರೆ ಏನು ಮಾಡಬೇಕು?

ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ನೀವು ನೋಡಿದ ತಾರೀಖಿನ ಸಮೇತ. ಖಾತೆಗಳು ಅಳಿಸಿಹೋದರೆ ಹೋಲಿಕೆಯನ್ನು ಮತ್ತೆ ತೋರಿಸಲಾಗದು. ಆಮೇಲೆ ಹೋಲಿಕೆ ಕಂಡ ಖಾತೆಗಳ ರಿವ್ಯೂಗಳ ಬಗ್ಗೆ ಮಾತ್ರ ಜಾಲತಾಣಕ್ಕೆ ದೂರು ಕೊಡಿ, ಇಡೀ 22ರ ಬಗ್ಗೆ ಅಲ್ಲ. ಬರೆಯಲು ಜಾಗವಿದ್ದರೆ ‘ಈ ಎಂಟು ಖಾತೆಗಳು ಇದೇ ತಿಂಗಳು ಇಂತಿಂಥ ಮೂರು ವ್ಯಾಪಾರಗಳಿಗೂ ಐದು ಸ್ಟಾರ್ ಕೊಟ್ಟಿವೆ’ ಎಂದು ಕಂಡದ್ದನ್ನಷ್ಟೇ ಬರೆಯಿರಿ.

ಸಾರ್ವಜನಿಕವಾಗಿ ‘ಮಾಲೀಕರು ಹಣ ಕೊಟ್ಟಿದ್ದಾರೆ’ ಎಂದು ಬರೆಯಬೇಡಿ. ಯಾರು ಬರೆಸಿದರು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಪ್ರಚಾರದ ಹೊಣೆ ಹೊತ್ತ ಏಜೆನ್ಸಿ ಮಾಲೀಕರಿಗೆ ಹೇಳದೆಯೇ ಮಾಡಿರಬಹುದು, ಹಾಗೂ ಸಾಬೀತು ಮಾಡಲಾಗದ ಆರೋಪ ನಿಮ್ಮನ್ನೇ ಮಾನನಷ್ಟ ಮೊಕದ್ದಮೆಗೆ ಎಳೆಯಬಹುದು. ನೀವು ಅಲ್ಲಿ ಊಟ ಮಾಡಿದ್ದರೆ ನಿಮ್ಮ ಅನುಭವವನ್ನೇ ಬರೆಯಿರಿ: ಎಷ್ಟು ಹೊತ್ತು ಕಾದಿರಿ, ಏನು ತಿಂದಿರಿ, ಹೇಗಿತ್ತು. ಊಟ ಮಾಡಿಲ್ಲದಿದ್ದರೆ ಒಂದು ಸ್ಟಾರ್ ಹಾಕಿ ಬರಬೇಡಿ. ಹೋಗದ ಜಾಗಕ್ಕೆ ಹಾಕಿದ ಒಂದು ಸ್ಟಾರ್ ಕೂಡ ನಕಲಿ ರಿವ್ಯೂವೇ.

ಕೊನೆಗೆ, ಅಲ್ಲಿ ಊಟಕ್ಕೆ ಹೋಗಬಹುದೇ?

ಸಂಶಯದ ಗುಂಪನ್ನು ಪಕ್ಕಕ್ಕಿಟ್ಟು, ಅದಕ್ಕೆ ಮುಂಚಿನ ಮತ್ತು ಅದರ ನಂತರದ ರಿವ್ಯೂಗಳಲ್ಲಿ ಎರಡು, ಮೂರು, ನಾಲ್ಕು ಸ್ಟಾರಿನವನ್ನು ಓದಿ. ನಡುವಿನ ಸ್ಟಾರ್‌ಗಳನ್ನು ಯಾರೂ ಹಣ ಕೊಟ್ಟು ಕೊಳ್ಳುವುದು ಅಪರೂಪ, ಹಾಗಾಗಿ ಅಲ್ಲಿ ಒಳಿತು ಕೆಡುಕು ಎರಡೂ ಸಿಗುತ್ತವೆ. ದೂರುಗಳು ತಡ, ಗದ್ದಲ, ಬೆಲೆಯ ಬಗ್ಗೆ ಮಾತ್ರ ಇದ್ದರೆ ಅವು ನಿಮಗೆ ಎಷ್ಟು ಮುಖ್ಯ ಎಂದು ನೀವೇ ನಿರ್ಧರಿಸಿ. ಆಹಾರ ಹಳಸಿತ್ತು, ತಿಂದು ಹೊಟ್ಟೆ ಕೆಟ್ಟಿತು ಎಂದು ಒಬ್ಬರಿಗಿಂತ ಹೆಚ್ಚು ಮಂದಿ ಬರೆದಿದ್ದು, ಅದರ ಬೆನ್ನಿಗೇ ಹೊಗಳಿಕೆಯ ಮಳೆ ಸುರಿದಿದ್ದರೆ ನಾನಂತೂ ಬೇರೆ ಕಡೆ ಹೋಗುತ್ತೇನೆ.